ಬಹುಮಾನದ ಆಸೆ ಹಚ್ಚಿ ಓದಿಸುವ ಮುನ್ನ

ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಬಂದು ಒಂದು ತಿಂಗಳಾಗುವುದರೊಳಗೆ ನಮ್ಮ ಕರಾವಳಿಯ ಸಭಾಂಗಣಗಳಲ್ಲಿ ಪ್ರತಿಭಾ ಪುರಸ್ಕಾರಗಳ ಸೀಸನ್ ಶುರುವಾಗುತ್ತದೆ. ಜಮಾಅತ್ ಕಮಿಟಿಗಳು, ಯುವಕರ ಸಂಘಗಳು, ಗಲ್ಫ್‌ನಲ್ಲಿರುವ ಊರಿನವರ ಒಕ್ಕೂಟಗಳು ಎಲ್ಲರೂ ಸನ್ಮಾನ ಮಾಡ್ತಾರೆ. ಶಾಲು, ಫಲಕ, ನಗದು ಕವರು. ಮನೆಯೊಳಗೂ ಇದರದ್ದೇ ಒಂದು ರೂಪ ನಡೆಯುತ್ತಿರುತ್ತದೆ. "ತೊಂಬತ್ತು ಪರ್ಸೆಂಟ್ ತೆಗಿ, ಮೊಬೈಲ್ ಕೊಡಿಸ್ತೇನೆ" ಅಂತ ದುಬೈಯಿಂದ ಫೋನಿನಲ್ಲಿ ಉಪ್ಪ ಹೇಳ್ತಾರೆ. "ಈ ಪಾಠ ಬಾಯಿಪಾಠ ಮಾಡಿದ್ರೆ ಐಸ್‌ಕ್ರೀಂ" ಅಂತ ಇಲ್ಲಿ ಉಮ್ಮ. ಇದರ ಹಿಂದಿರುವ ಪ್ರೀತಿಯ ಬಗ್ಗೆ ನಮಗೆ ಯಾವ ಅನುಮಾನವೂ ಇಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದ ತಲೆಮಾರೊಂದು ತನ್ನ ಮಕ್ಕಳು ಓದಲಿ ಅಂತ ಕೈಯಲ್ಲಿದ್ದದ್ದನ್ನೆಲ್ಲ ಕೊಡುತ್ತಿದೆ. ಆದರೆ ಮುಂಚಿತವಾಗಿ ಆಸೆ ತೋರಿಸಿ ಕೊಡುವ ಬಹುಮಾನ ಓದಿನ ಆಸಕ್ತಿಯನ್ನು ಏನು ಮಾಡುತ್ತದೆ ಅನ್ನುವ ಪ್ರಶ್ನೆಗೆ ಮನಶ್ಶಾಸ್ತ್ರದಲ್ಲಿ ಐವತ್ತು ವರ್ಷಕ್ಕೂ ಮೀರಿದ ಕೆಲಸ ಆಗಿದೆ. ಅದರಲ್ಲಿ ಒಂದು ಪ್ರಯೋಗವನ್ನಾದರೂ ತಂದೆ-ತಾಯಂದಿರು, ಕಮಿಟಿಯವರು ಸರಿಯಾಗಿ ತಿಳಿದುಕೊಳ್ಳಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಆ ಪ್ರಯೋಗ ನಡೆದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಬಿಂಗ್ ನರ್ಸರಿ ಶಾಲೆಯಲ್ಲಿ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಸಂಶೋಧಕರು 1973ರಲ್ಲಿ ಅದನ್ನು ಪ್ರಕಟಿಸಿದರು. ಮಕ್ಕಳ ವಯಸ್ಸು ಮೂರರಿಂದ ಐದು. ಆ ಶಾಲೆಯಲ್ಲಿ ಮಕ್ಕಳು ತಮಗೆ ಬೇಕಾದ ಮೇಜಿಗೆ ಹೋಗಿ ಬೇಕಾದ ಆಟ ಆಡಬಹುದಿತ್ತು. ಸಂಶೋಧಕರು ಅಲ್ಲಿ ದಿನಾ ಸಿಗದ ಬಣ್ಣದ ಮಾರ್ಕರ್ ಪೆನ್ನುಗಳನ್ನೂ ಬಿಳಿ ಹಾಳೆಗಳನ್ನೂ ಒಂದು ಮೇಜಿನ ಮೇಲೆ ಇಟ್ಟರು. ಯಾರೂ "ಚಿತ್ರ ಬಿಡಿಸಿ" ಅಂತ ಹೇಳಲಿಲ್ಲ. ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಕುಳಿತು, ಯಾವ ಮಗು ಎಷ್ಟು ಹೊತ್ತು ತಾನಾಗಿಯೇ ಆ ಮೇಜಿನಲ್ಲಿ ಇರುತ್ತದೆ ಅಂತ ಲೆಕ್ಕ ಹಾಕಿದರು. ಚಿತ್ರ ಬಿಡಿಸುವುದರಲ್ಲಿ ಆಸಕ್ತಿ ಇದ್ದ ಮಕ್ಕಳನ್ನು ಮಾತ್ರ ಪ್ರಯೋಗಕ್ಕೆ ಆರಿಸಿಕೊಂಡರು. ಆಸಕ್ತಿಯೇ ಇಲ್ಲದ ಮಕ್ಕಳನ್ನು ಸೇರಿಸಲಿಲ್ಲ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬೇರೆ ಕೋಣೆಗೆ ಕರೆದು ಆರು ನಿಮಿಷ ಚಿತ್ರ ಬಿಡಿಸಲು ಹೇಳಿದರು. ಇಲ್ಲಿ ಮೂರು ಗುಂಪು. ಮೊದಲ ಗುಂಪಿನ ಮಕ್ಕಳಿಗೆ ಮುಂಚೆಯೇ ಒಂದು ಪ್ರಶಸ್ತಿ ತೋರಿಸಿದರು: ಚಿನ್ನದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್ ಇದ್ದ ಒಂದು ಕಾರ್ಡು, ಅದರಲ್ಲಿ ಮಗುವಿನ ಹೆಸರು ಬರೆಯಲು ಜಾಗ. ಚಿತ್ರ ಬಿಡಿಸಿದರೆ ಇದು ನಿನಗೆ ಅಂದರು. ಎರಡನೇ ಗುಂಪಿಗೆ ಪ್ರಶಸ್ತಿಯ ಮಾತೇ ಎತ್ತಲಿಲ್ಲ, ಕೊಡಲೂ ಇಲ್ಲ. ಮೂರನೇ ಗುಂಪಿಗೂ ಮುಂಚೆ ಏನೂ ಹೇಳಲಿಲ್ಲ, ಆದರೆ ಚಿತ್ರ ಮುಗಿದ ಮೇಲೆ ಅದೇ ಕಾರ್ಡನ್ನು ಅನಿರೀಕ್ಷಿತವಾಗಿ ಕೈಗೆ ಕೊಟ್ಟರು. ಅಂದರೆ ಮೊದಲ ಮತ್ತು ಮೂರನೇ ಗುಂಪಿನ ಮಕ್ಕಳು ಮನೆಗೆ ಒಯ್ದದ್ದು ಒಂದೇ ನಕ್ಷತ್ರ, ಒಂದೇ ರಿಬ್ಬನ್. ಒಬ್ಬರಿಗೆ ಅದು ಮುಂಚಿತವಾಗಿ ಮಾಡಿಕೊಂಡ ಒಪ್ಪಂದ, ಇನ್ನೊಬ್ಬರಿಗೆ ಸುಮ್ಮನೆ ಬಂದ ಸಂತೋಷ. ವ್ಯತ್ಯಾಸ ಇಷ್ಟೇ.

ಒಂದೆರಡು ವಾರ ಕಳೆದ ಮೇಲೆ ತರಗತಿಯ ಮೇಜಿನ ಮೇಲೆ ಮತ್ತೆ ಮಾರ್ಕರ್‌ಗಳನ್ನು ಇಟ್ಟರು. ಪ್ರಶಸ್ತಿ ಇಲ್ಲ, ಒತ್ತಾಯ ಇಲ್ಲ, ಗಾಜಿನ ಹಿಂದೆ ಮತ್ತೆ ಅದೇ ಲೆಕ್ಕ. ಪ್ರಶಸ್ತಿಯೇ ಸಿಗದ ಮಕ್ಕಳು ತಮ್ಮ ಬಿಡುವಿನ ಸಮಯದ ಶೇ. 17ರಷ್ಟನ್ನು ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರು ಶೇ. 18. ಪ್ರಶಸ್ತಿಯ ಆಸೆ ಹಚ್ಚಿಸಿಕೊಂಡು ಬಿಡಿಸಿದ್ದ ಮಕ್ಕಳು ಕೊಟ್ಟದ್ದು ಶೇ. 9ಕ್ಕಿಂತಲೂ ಸ್ವಲ್ಪ ಕಡಿಮೆ. ಹೆಚ್ಚುಕಡಿಮೆ ಅರ್ಧ. ಇನ್ನೊಂದು ಸಂಗತಿಯೂ ಬಯಲಾಯಿತು. ಆರು ನಿಮಿಷದಲ್ಲಿ ಬಿಡಿಸಿದ ಚಿತ್ರಗಳನ್ನು, ಯಾವ ಗುಂಪಿನದ್ದು ಅಂತ ಗೊತ್ತಿಲ್ಲದ ತೀರ್ಪುಗಾರರಿಗೆ ಕೊಟ್ಟು ಐದಕ್ಕೆ ಅಂಕ ಹಾಕಿಸಿದಾಗ, ಪ್ರಶಸ್ತಿಗಾಗಿ ಬಿಡಿಸಿದವರ ಸರಾಸರಿ ಸುಮಾರು 2.2, ಉಳಿದವರದ್ದು 2.7 ಮತ್ತು 2.9ರ ಆಸುಪಾಸು. ಪ್ರಶಸ್ತಿಯ ಮಕ್ಕಳು ಚಿತ್ರಗಳನ್ನು ಹೆಚ್ಚು ಬಿಡಿಸಿದ್ದರು, ಆದರೆ ಅವಸರದಲ್ಲಿ ಬಿಡಿಸಿದ್ದರು. ನಮ್ಮಲ್ಲಿ ಇದಕ್ಕೆ ಹೊಸ ಮಾತು ಬೇಕಾಗಿಲ್ಲ, "ಲೆಕ್ಕಕ್ಕೆ ಮಾಡಿದ್ದು" ಅಂತ ಹೇಳ್ತೇವೆ.

ಇದು ಚಿಕ್ಕ ಪ್ರಯೋಗ, ಒಟ್ಟು 51 ಮಕ್ಕಳು, ಹೆಚ್ಚಿನವರು ಅನುಕೂಲಸ್ಥ ಮನೆಯವರು. ಆದರೆ ಇದು ಒಂಟಿಯಲ್ಲ. ಇದಕ್ಕೂ ಮುಂಚೆ, 1971ರಲ್ಲಿ, ಎಡ್ವರ್ಡ್ ಡೆಸಿ ಎಂಬವರು ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಎಂಬ ತುಂಡುಗಳ ಒಗಟನ್ನು ಕೊಟ್ಟಿದ್ದರು. ಅರ್ಧ ಜನರಿಗೆ ಬಿಡಿಸಿದ ಒಂದೊಂದು ಒಗಟಿಗೂ ಒಂದು ಡಾಲರ್. ಮಧ್ಯೆ ತಾವು ಯಾವುದೋ ನೆಪದಲ್ಲಿ ಎಂಟು ನಿಮಿಷ ಹೊರಗೆ ಹೋಗಿ, ಒಗಟಿನ ಪಕ್ಕದಲ್ಲಿ ಪತ್ರಿಕೆಗಳನ್ನೂ ಇಟ್ಟು, ಯಾರು ಏನು ಮಾಡ್ತಾರೆ ಅಂತ ಗಮನಿಸಿದರು. ಹಣ ನಿಂತ ಮೇಲೆ, ಹಣ ಪಡೆದಿದ್ದವರು ಒಗಟಿನತ್ತ ಕೊಡುವ ಸಮಯ ಕುಗ್ಗುವುದು ಕಂಡಿತು. ಡೆಸಿ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ರಯಾನ್ ಮುಂದೆ ಇದನ್ನು ಸ್ವನಿರ್ಣಯ ಸಿದ್ಧಾಂತ ಅಂತ ಬೆಳೆಸಿದರು. ಅದರ ಸಾರ ಅಷ್ಟೇನೂ ಕಷ್ಟದ್ದಲ್ಲ. ಮನುಷ್ಯ ಒಂದು ಕೆಲಸವನ್ನು ಮನಸ್ಸಿಟ್ಟು ಮಾಡಲು ಮೂರು ಅನುಭವ ಬೇಕು: ಇದು ನನ್ನದೇ ನಿರ್ಧಾರ ಅನ್ನುವುದು, ಇದು ನನಗೆ ಬರುತ್ತದೆ ಅನ್ನುವುದು, ನನ್ನ ಜೊತೆಗೆ ನನ್ನವರಿದ್ದಾರೆ ಅನ್ನುವುದು. ಇವುಗಳಲ್ಲಿ ಒಂದನ್ನು ಕಿತ್ತರೂ ಕೆಲಸ ಮುಂದುವರಿಯಬಹುದು, ಆದರೆ ಒಳಗಿನ ಆಸಕ್ತಿ ಸೊರಗುತ್ತದೆ.

ಮುಂಚಿತವಾಗಿ ಹೇಳಿದ ಬಹುಮಾನ ಕಿತ್ತುಕೊಳ್ಳುವುದು ಮೊದಲನೆಯದನ್ನು. ಚಿತ್ರ ಇಷ್ಟ ಅಂತ ಬಿಡಿಸುತ್ತಿದ್ದ ಮಗುವಿನ ಮನಸ್ಸಿನಲ್ಲಿ "ನಾನು ಇದನ್ನು ಯಾಕೆ ಮಾಡುತ್ತಿದ್ದೇನೆ?" ಅನ್ನುವ ಪ್ರಶ್ನೆಗೆ ಈಗ ಬೇರೊಂದು ಉತ್ತರ ಸಿಕ್ಕಿರುತ್ತದೆ: ರಿಬ್ಬನ್‌ಗಾಗಿ. ಎರಡು ಕಾರಣಗಳು ಒಟ್ಟಿಗಿದ್ದಾಗ ಕಣ್ಣಿಗೆ ಕಾಣುವ ಕಾರಣ ಒಳಗಿನದ್ದನ್ನು ಮೂಲೆಗೆ ತಳ್ಳುತ್ತದೆ. ರಿಬ್ಬನ್ ಹೋದ ದಿನ ಕಾರಣವೂ ಹೋಯಿತು. ಅನಿರೀಕ್ಷಿತ ಉಡುಗೊರೆ ಹೀಗೆ ಮಾಡಲಿಲ್ಲ. ಕೆಲಸ ಮುಗಿದ ಮೇಲೆ ಬಂದದ್ದು ಆ ಕೆಲಸಕ್ಕೆ ಕಾರಣ ಆಗಲಿಕ್ಕೆ ಸಾಧ್ಯ ಇಲ್ಲವಲ್ಲ! ಹಾಗಾಗಿ ದೋಷ ವಸ್ತುವಿನಲ್ಲಿಲ್ಲ. ಅದೇ ಪುಸ್ತಕ, ಅದೇ ಪೆನ್ನು, ಅದೇ ಸೈಕಲ್. "ಮಾಡಿದರೆ ಕೊಡ್ತೇನೆ" ಅನ್ನುವ ಷರತ್ತಿನಲ್ಲಿ ತೊಂದರೆ ಇದೆ.

ಇದನ್ನು ನಮ್ಮ ನೆಲಕ್ಕೆ ತಂದು ನೋಡೋಣ. ಊರಿನ ಯುವಕರ ಸಂಘ ಬೇಸಿಗೆ ರಜೆಯಲ್ಲಿ ಸಣ್ಣ ಲೈಬ್ರರಿಯೊಂದನ್ನು ತೆರೆಯುತ್ತದೆ ಅಂತಿಟ್ಟುಕೊಳ್ಳಿ. ಉದ್ದೇಶ ಒಳ್ಳೆಯದು, ಮಕ್ಕಳು ಮೊಬೈಲ್ ಬಿಟ್ಟು ಕೈಗೆ ಪುಸ್ತಕ ತೆಗೊಳ್ಳಲಿ. ಯಾರೋ ಒಬ್ಬರು ಸಲಹೆ ಕೊಡ್ತಾರೆ: ಹೆಚ್ಚು ಪುಸ್ತಕ ಓದಿದ ಮೂವರಿಗೆ ನಗದು ಬಹುಮಾನ. ಮೊದಲ ವಾರ ಸಂಭ್ರಮ, ರಿಜಿಸ್ಟರ್ ತುಂಬಿ ಹರಿಯುತ್ತದೆ, ಕಮಿಟಿಯವರು ಫೋಟೊ ತೆಗೆದು ವಾಟ್ಸ್ಯಾಪ್‌ಗೆ ಹಾಕ್ತಾರೆ. ಸ್ವಲ್ಪ ಹತ್ತಿರ ಹೋಗಿ ರಿಜಿಸ್ಟರಿನ ಪುಟ ತಿರುವಿದರೆ ಮಕ್ಕಳು ಆರಿಸುತ್ತಿರುವುದು ಕಪಾಟಿನಲ್ಲಿರುವ ಅತಿ ತೆಳು ಪುಸ್ತಕಗಳನ್ನು ಅಂತ ಕಾಣುತ್ತದೆ. ಐದನೇ ತರಗತಿಯವನು ಅಂಗನವಾಡಿ ಮಗುವಿನ ಚಿತ್ರಪುಸ್ತಕ ಒಯ್ದಿದ್ದಾನೆ. ಬೆಳಿಗ್ಗೆ ಒಯ್ದದ್ದು ಮಧ್ಯಾಹ್ನ ವಾಪಸ್. ದಪ್ಪ ಕಾದಂಬರಿಯೊಂದನ್ನು ಹತ್ತು ದಿನ ಹಿಡಿದುಕೊಂಡು ಕುಳಿತ ಹುಡುಗಿಯೊಬ್ಬಳು ಲೆಕ್ಕದಲ್ಲಿ ಕೊನೆಯಲ್ಲಿದ್ದಾಳೆ. ಅವಳೇ ನಿಜವಾದ ಓದುಗಳು, ಆದರೆ ಸ್ಪರ್ಧೆಯ ಭಾಷೆಯಲ್ಲಿ ಅವಳು ಸೋತವಳು. ನಾಲ್ಕನೇ ವಾರದ ಹೊತ್ತಿಗೆ ತಾವು ಮೊದಲ ಮೂವರಲ್ಲಿ ಬರುವುದಿಲ್ಲ ಅಂತ ಗೊತ್ತಾದ ಮಕ್ಕಳು ಲೈಬ್ರರಿಗೆ ಬರುವುದನ್ನೇ ಬಿಟ್ಟಿರುತ್ತಾರೆ.

ಈ ಕೊನೆಯ ಮಾತು ನಮ್ಮ ಊಹೆ ಮಾತ್ರ ಅಲ್ಲ. ಡೆಸಿ, ರಯಾನ್ ಮತ್ತು ರಿಚರ್ಡ್ ಕೋಸ್ಟ್ನರ್ 1999ರಲ್ಲಿ 128 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದಾಗ, ಆಸಕ್ತಿ ಅತಿ ಹೆಚ್ಚು ಕುಸಿದದ್ದು ಚೆನ್ನಾಗಿ ಮಾಡಿದವರಿಗೆ ಪೂರ್ತಿ ಬಹುಮಾನ ಇದ್ದು, ತಮಗೆ ಅದಕ್ಕಿಂತ ಕಡಿಮೆ ಸಿಕ್ಕವರಲ್ಲಿ. ಅವರಿಗೆ ಎರಡು ಏಟು ಒಟ್ಟಿಗೆ ಬೀಳುತ್ತದೆ: ಕೆಲಸ ತನ್ನದಲ್ಲ ಅನ್ನುವ ಭಾವನೆ, ಜೊತೆಗೆ ತನಗೆ ಬರುವುದಿಲ್ಲ ಅನ್ನುವ ತೀರ್ಪು. ಮದ್ರಸದ ಕಾರ್ಯಕ್ರಮವಾಗಲಿ, ಶಾಲಾ ವಾರ್ಷಿಕೋತ್ಸವವಾಗಲಿ, ವೇದಿಕೆ ಹತ್ತುವ ಮೂವರನ್ನು ನಾವು ಕಣ್ತುಂಬ ನೋಡ್ತೇವೆ. ಕೆಳಗೆ ಕುರ್ಚಿಯಲ್ಲಿ ಕುಳಿತ ಎಂಬತ್ತು ಮಕ್ಕಳ ಮುಖ ನೋಡುವವರು ಕಡಿಮೆ.

ಹಾಗಾದರೆ ಬಹುಮಾನ ಕೆಡಿಸಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಬಹುಮಾನ ಇರುವಾಗ ಎಷ್ಟು ಓದಿದರು ಅನ್ನುವುದು ಅಳತೆಯೇ ಅಲ್ಲ. ಬಹುಮಾನ ಇರುವಾಗ ಎಲ್ಲರೂ ಓದ್ತಾರೆ. ಸ್ಟ್ಯಾನ್‌ಫರ್ಡಿನವರು ಮಾಡಿದ ಹಾಗೆ, ಎಲ್ಲಾ ಮುಗಿದು ಒಂದೆರಡು ವಾರ ಕಳೆದ ಮೇಲೆ ನೋಡಬೇಕು. ಲೈಬ್ರರಿಯ ವಿಷಯದಲ್ಲಿ ಇದು ತುಂಬಾ ಸುಲಭ. ಬಹುಮಾನ ವಿತರಣೆಯಾಗಿ ಎರಡು ವಾರದ ನಂತರದ ರಿಜಿಸ್ಟರ್ ಪುಟವನ್ನೂ, ಸ್ಪರ್ಧೆ ಶುರುವಾಗುವ ಮೊದಲಿನ ಪುಟವನ್ನೂ ಪಕ್ಕಪಕ್ಕ ಇಡಿ. ಮನೆಯಲ್ಲಾದರೆ ಪರೀಕ್ಷೆ ಮುಗಿದ ಮಾರನೇ ವಾರ, ಯಾರೂ ಹೇಳದೆ, ಮಗು ಏನನ್ನು ಕೈಗೆತ್ತಿಕೊಳ್ಳುತ್ತದೆ ಅಂತ ಗಮನಿಸಿ. "ಇದು ಪರೀಕ್ಷೆಗೆ ಬರ್ತದಾ?" ಅನ್ನುವ ಪ್ರಶ್ನೆ ಹೆಚ್ಚಾಗುತ್ತಿದ್ದರೆ, ಮೊದಲು ಸುಮ್ಮನೆ ಮಾಡುತ್ತಿದ್ದ ಕೆಲಸಕ್ಕೆ "ಏನು ಕೊಡ್ತೀರಿ?" ಅಂತ ಕೇಳಲು ಶುರು ಮಾಡಿದ್ದರೆ, ಅದು ಗುರುತು.

ಈಗ ಇನ್ನೊಂದು ಪಕ್ಷವನ್ನೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಆಗುತ್ತದೆ. ಈ ಸಿದ್ಧಾಂತವನ್ನು ಒಪ್ಪದ ವಿದ್ವಾಂಸರಿದ್ದಾರೆ. ಜೂಡಿ ಕ್ಯಾಮರಾನ್ ಮತ್ತು ಡೇವಿಡ್ ಪಿಯರ್ಸ್ 1994ರಲ್ಲೇ ಬಹುಮಾನದಿಂದ ಅಂಥಾ ದೊಡ್ಡ ಹಾನಿ ಇಲ್ಲ ಅಂತ ವಾದಿಸಿದ್ದರು. ಡೆಸಿಯವರ 1999ರ ಲೆಕ್ಕ ಬಂದದ್ದು ಅದಕ್ಕೆ ಉತ್ತರವಾಗಿಯೂ ಹೌದು. ಆಮೇಲೆ ಹಾರ್ವರ್ಡಿನ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಡಲ್ಲಾಸ್, ನ್ಯೂಯಾರ್ಕ್, ಶಿಕಾಗೋ ನಗರಗಳ ಇನ್ನೂರಕ್ಕೂ ಹೆಚ್ಚು ಶಾಲೆಗಳಲ್ಲಿ ಮಕ್ಕಳಿಗೆ ನಿಜವಾಗಿಯೂ ಹಣ ಕೊಟ್ಟು ನೋಡಿದರು, ಒಂದು ಕಡೆ ಓದಿದ ಪುಸ್ತಕಕ್ಕೆ ಎರಡು ಡಾಲರಿನಂತೆ, ಇನ್ನೊಂದು ಕಡೆ ಪರೀಕ್ಷೆಯ ಅಂಕಕ್ಕೆ. 2011ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಮೂರೂ ಕಡೆ ಒಟ್ಟಾರೆ ಕಲಿಕೆಯ ಮಟ್ಟದಲ್ಲಿ ಲೆಕ್ಕಕ್ಕೆ ಸಿಗುವಂಥ ಏರಿಕೆ ಆಗಲಿಲ್ಲ. ಆದರೆ ಪ್ರಶ್ನಾವಳಿ ಕೊಟ್ಟು ಕೇಳಿದಾಗ ಮಕ್ಕಳ ಒಳ ಆಸಕ್ತಿ ಕುಸಿದದ್ದೂ ಕಾಣಲಿಲ್ಲ. ನ್ಯೂಯಾರ್ಕಿನಲ್ಲಿ, ಹೆಚ್ಚು ಹಣ ಗಳಿಸಬೇಕಾದರೆ ಏನು ಮಾಡ್ತೀರಿ ಅಂತ ಕೇಳಿದಾಗ ಮಕ್ಕಳು ಹೇಳಿದ್ದು ಹೆಚ್ಚಾಗಿ ಪರೀಕ್ಷೆ ಬರೆಯುವ ಉಪಾಯಗಳನ್ನು: ಪ್ರಶ್ನೆ ಸರಿಯಾಗಿ ಓದುವುದು, ಉತ್ತರ ಮತ್ತೊಮ್ಮೆ ನೋಡುವುದು. ಪಾಠ ಓದುವುದು, ಅರ್ಥ ಆಗದ್ದನ್ನು ಟೀಚರಲ್ಲಿ ಕೇಳುವುದು ಅವರ ಉತ್ತರದಲ್ಲಿ ಅಷ್ಟಾಗಿ ಇರಲಿಲ್ಲ. ನಮಗೆ ಇಲ್ಲಿ ಕಾಣುವುದು ಇಷ್ಟು: ಹಣ ಮಕ್ಕಳಿಗೆ ಆಸೆ ಹುಟ್ಟಿಸಿತು, ದಾರಿ ತೋರಿಸಲಿಲ್ಲ.

ಇನ್ನು ಆಗಲೇ ನೆನಪಿಟ್ಟುಕೊಳ್ಳಿ ಅಂದ ವಿಷಯ. ಸ್ಟ್ಯಾನ್‌ಫರ್ಡಿನ ಮಕ್ಕಳಲ್ಲಿ ಆಸಕ್ತಿ ಮೊದಲೇ ಇತ್ತು, ಕಳೆದುಕೊಳ್ಳಲು ಅವರಲ್ಲಿ ಏನೋ ಇತ್ತು. ಮಗ್ಗಿ ಬಾಯಿಪಾಠ, ಕಾಗುಣಿತ, ಇಂಗ್ಲಿಷ್ ಸ್ಪೆಲ್ಲಿಂಗ್ ಇಂಥವುಗಳಲ್ಲಿ ಹೆಚ್ಚಿನ ಮಕ್ಕಳಿಗೆ ಶುರುವಿನಲ್ಲಿ ಆಸಕ್ತಿಯೇ ಇರುವುದಿಲ್ಲ. ಅಲ್ಲಿ ಒಂದು ಚಾಕಲೇಟಿನಿಂದ ಆಕಾಶ ಕೆಳಗೆ ಬೀಳುವುದಿಲ್ಲ. ಆದರೆ ಅಲ್ಲೂ ಬಹುಮಾನವಿಲ್ಲದ ದಾರಿಯೊಂದು ಇದೆ ಅಂತ ಡೆಸಿ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ಅವರು ಆರಿಸಿದ್ದು ಬೇಕೆಂದೇ ಬೋರು ಹೊಡೆಸುವ ಕೆಲಸ: ಕಂಪ್ಯೂಟರ್ ಪರದೆಯಲ್ಲಿ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಒಂದು ಕೀ ಒತ್ತುವುದು, ಅಷ್ಟೆ. ಕೆಲವರಿಗೆ ಈ ಕೆಲಸ ಯಾಕೆ ಉಪಯೋಗ ಅಂತ ನಿಜವಾದ ಕಾರಣ ಹೇಳಿದರು, ಇದು ಬೇಸರದ ಕೆಲಸ ಅಂತ ನಮಗೂ ಗೊತ್ತು ಅಂತ ಒಪ್ಪಿಕೊಂಡರು, "ಮಾಡಲೇಬೇಕು" ಅನ್ನುವ ಧಾಟಿ ಬಿಟ್ಟು ಆಯ್ಕೆ ನಿಮ್ಮದು ಅನ್ನುವ ಧಾಟಿಯಲ್ಲಿ ಮಾತಾಡಿದರು. ಹೀಗೆ ಕೇಳಿಸಿಕೊಂಡವರು ಬಿಡುವಿನ ಸಮಯದಲ್ಲೂ ಆ ಕೆಲಸಕ್ಕೆ ಹೆಚ್ಚು ಹೊತ್ತು ಕೊಟ್ಟರು, ಅದು ಉಪಯೋಗದ್ದು ಅಂತ ಹೆಚ್ಚು ಮನಸಾರೆ ಒಪ್ಪಿದರು. ಇದನ್ನು ನಮ್ಮ ಉಮ್ಮಂದಿರ ಬಾಯಲ್ಲಿ ಹೇಳಿಸಿದರೆ ಹೀಗಿರಬಹುದು: "ಹದಿನೇಳರ ಮಗ್ಗಿ ತುಂಬಾ ಬೋರು ಮೋನೇ, ನನಗೂ ಆಗ್ತಿರಲಿಲ್ಲ. ಆದ್ರೆ ಅಂಗಡಿಯಲ್ಲಿ ಚಿಲ್ಲರೆ ಲೆಕ್ಕಕ್ಕೆ ಬೇಕಾಗ್ತದೆ. ಊಟಕ್ಕೆ ಮೊದಲು ಮಾಡ್ತೀಯಾ, ಆಮೇಲೆ ಮಾಡ್ತೀಯಾ?" ಇದಕ್ಕೆ ಖರ್ಚು ಏನೂ ಇಲ್ಲ, ಸ್ವಲ್ಪ ತಾಳ್ಮೆ ಬೇಕು.

ಹೊಗಳಿಕೆಯ ಬಗ್ಗೆಯೂ ಒಂದು ಮಾತು. ಬಾಯಿಮಾತಿನ ಮೆಚ್ಚುಗೆ ವಸ್ತುವಿನಂತೆ ಆಸಕ್ತಿಯನ್ನು ಕುಗ್ಗಿಸುವುದಿಲ್ಲ, ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚಿಸುವುದೂ ಉಂಟು. ಆದರೆ ಮೆಚ್ಚುಗೆಯ ಒಳಗೆ ಹಗ್ಗ ಕಟ್ಟಿದರೆ ಕಥೆ ಬೇರೆ. "ಚೆನ್ನಾಗಿ ಮಾಡಿದ್ದೀ, ನೀನು ಮಾಡಬೇಕಾದದ್ದೇ ಹೀಗೆ" ಅನ್ನುವ ಬಗೆಯ ಮಾತು, ಬರೀ "ಚೆನ್ನಾಗಿ ಮಾಡಿದ್ದೀ" ಅನ್ನುವುದಕ್ಕಿಂತ ಆಸಕ್ತಿಯನ್ನು ಕಡಿಮೆ ಮಾಡುತ್ತದೆ ಅಂತ ರಯಾನ್ 1982ರಲ್ಲಿ ತೋರಿಸಿದ್ದರು. ಸಣ್ಣ ವ್ಯತ್ಯಾಸ ಅನಿಸಬಹುದು. "ಈ ಲೆಕ್ಕವನ್ನು ನೀನು ಬೇರೆ ದಾರಿಯಲ್ಲಿ ಬಿಡಿಸಿದ್ದೀಯಲ್ಲ, ಹೇಗೆ ಹೊಳೀತು?" ಅಂತ ಕೇಳಿದ ಉಸ್ತಾದರನ್ನೋ ಟೀಚರನ್ನೋ ಮಗು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. "ಹೀಗೇ ಮಾಡು, ನನ್ನ ಮರ್ಯಾದೆ ಉಳಿಸು" ಅಂದವರನ್ನೂ ನೆನಪಿಟ್ಟುಕೊಳ್ಳುತ್ತದೆ, ಆದರೆ ಬೇರೆ ರೀತಿಯಲ್ಲಿ.

ಕಮಿಟಿಗಳವರಲ್ಲಿ ನಾವು ಒಂದು ಗೊಂದಲ ಬೇಡ ಅಂತ ಕೇಳಿಕೊಳ್ತೇವೆ. ಈ ಲೇಖನ ಓದಿ ಯಾರೂ ವಿದ್ಯಾರ್ಥಿವೇತನ ನಿಲ್ಲಿಸಬಾರದು. ಫೀಸು ಕಟ್ಟುವುದು, ಬಸ್ ಪಾಸು, ಹಾಸ್ಟೆಲ್ ಖರ್ಚು, ನೋಟ್‌ಬುಕ್ಕು ಕೊಡುವುದು ಬಹುಮಾನವಲ್ಲ, ಮಗುವಿನ ದಾರಿಯಲ್ಲಿರುವ ಕಲ್ಲನ್ನು ಸರಿಸುವುದು. ಹೆಣ್ಣುಮಗಳೊಬ್ಬಳು ಪಿಯುಸಿ ನಂತರ ಓದು ನಿಲ್ಲಿಸುವುದು ಆಸಕ್ತಿ ಇಲ್ಲದೆ ಅಲ್ಲ, ಬಸ್ಸಿಗೆ ದುಡ್ಡಿಲ್ಲದೆ ಅಥವಾ ಮನೆಯಲ್ಲಿ ಒಪ್ಪಿಗೆ ಸಿಗದೆ ಅನ್ನುವುದು ನಮ್ಮೂರಿನವರಿಗೆಲ್ಲ ಗೊತ್ತು. ಅಂಥಲ್ಲಿ ಹಣ ಕೊಡಲೇಬೇಕು. ನಮ್ಮ ತಕರಾರು ಅದೇ ಹಣಕ್ಕೆ "ತೊಂಬತ್ತು ಬಂದವರಿಗೆ ಮಾತ್ರ" ಅನ್ನುವ ಬೋರ್ಡು ನೇತು ಹಾಕುವುದರ ಬಗ್ಗೆ. ಆಗ ಸಹಾಯ ಬಹುಮಾನವಾಗಿ ಬಿಡುತ್ತದೆ. ಅರವತ್ತು ಬಂದ, ಆದರೆ ಓದಬೇಕು ಅಂತ ಆಸೆ ಇರುವ ಮಗು ಎರಡೂ ಕಳೆದುಕೊಳ್ಳುತ್ತದೆ, ದುಡ್ಡನ್ನೂ ಧೈರ್ಯವನ್ನೂ.

ಸನ್ಮಾನ ಕಾರ್ಯಕ್ರಮವನ್ನೂ ಬಿಡಬೇಕೆಂದಿಲ್ಲ. ವರ್ಷದ ಆರಂಭದಲ್ಲೇ "ಇಷ್ಟು ಅಂಕಕ್ಕೆ ಇಷ್ಟು ಸಾವಿರ" ಅಂತ ಪೋಸ್ಟರ್ ಹಾಕುವ ಬದಲು, ಫಲಿತಾಂಶ ಬಂದ ಮೇಲೆ ಹೇಳದೆ ಕರೆದು ಒಂದು ಒಳ್ಳೆಯ ಪುಸ್ತಕವೋ ಉಪಕರಣವೋ ಕೊಟ್ಟರೆ ಅದು ಸ್ಟ್ಯಾನ್‌ಫರ್ಡಿನ ಮೂರನೇ ಗುಂಪಿನ ರಿಬ್ಬನ್ ಆಗುತ್ತದೆ. ಆದರೆ ಪ್ರತಿ ವರ್ಷ ಅದನ್ನೇ ಮಾಡಿದರೆ ಎರಡನೇ ವರ್ಷದಿಂದ ಎಲ್ಲರಿಗೂ ಗೊತ್ತಾಗಿ ಅದೂ ಒಪ್ಪಂದವೇ ಆಗಿಬಿಡುತ್ತದೆ ಅನ್ನುವ ಎಚ್ಚರ ಇರಲಿ. ವೇದಿಕೆಯಲ್ಲಿ ಅತಿಥಿಗಳ ಭಾಷಣವನ್ನು ಹದಿನೈದು ನಿಮಿಷ ಕಡಿಮೆ ಮಾಡಿ (ಅತಿಥಿಗಳು ಕ್ಷಮಿಸಲಿ) ಆ ಸಮಯವನ್ನು ಮಕ್ಕಳಿಗೆ ಕೊಡಬಹುದು. ಎಷ್ಟು ಬಂತು ಅಂತ ಅಲ್ಲ, ಈ ವರ್ಷ ಯಾವ ವಿಷಯ ಓದುವಾಗ ಸಮಯ ಹೋದದ್ದೇ ಗೊತ್ತಾಗಲಿಲ್ಲ ಅಂತ ಕೇಳಲಿ. ಲೈಬ್ರರಿ ನಡೆಸುವ ಸಂಘದವರು ನಗದು ಬಹುಮಾನದ ದುಡ್ಡಿನಲ್ಲಿ ಮಕ್ಕಳನ್ನೇ ಮಂಗಳೂರಿನ ಪುಸ್ತಕದಂಗಡಿಗೆ ಕರೆದುಕೊಂಡು ಹೋಗಿ, ಮುಂದಿನ ತಿಂಗಳು ಕಪಾಟಿಗೆ ಯಾವ ಪುಸ್ತಕ ಬೇಕು ಅಂತ ಅವರಿಂದಲೇ ಆರಿಸಿಸಲಿ. ಆ ದಪ್ಪ ಕಾದಂಬರಿಯ ಹುಡುಗಿ ಏನು ಆರಿಸ್ತಾಳೆ ಅಂತ ನೋಡುವ ಕುತೂಹಲ ನಮಗೂ ಇದೆ.